ಅಕ್ಷರವೆಲ್ಲ ಸರಿ, ಟೇಬಲ್ ಮಾತ್ರ ತಪ್ಪು: ಅಂಕ ಕೊಡುವುದು ಹೇಗೆ?

ಪ್ರಶ್ನೆ: ಸ್ಕ್ಯಾನ್ ಮಾಡಿದ ಪಿಡಿಎಫ್‌ನಿಂದ ಟೇಬಲ್ ಎತ್ತಿ ಎಚ್‌ಟಿಎಂಎಲ್ ಕೊಡುವ ಎರಡು ಟೂಲ್‌ಗಳನ್ನು ಹೋಲಿಸುತ್ತಿದ್ದೇನೆ. ಪಠ್ಯದ ಲೆಕ್ಕದಲ್ಲಿ ಎರಡೂ ಸೊಗಸಾಗಿವೆ. ಆದರೆ ಔಟ್‌ಪುಟ್ ತೆರೆದು ನೋಡಿದರೆ ಅಂಕಿಗಳು ಬೇರೆ ಕಾಲಂನಲ್ಲಿ ಕೂತಿರುತ್ತವೆ. ಪಕ್ಕಪಕ್ಕದ ಸೆಲ್‌ಗಳ ಸಂಬಂಧ ಎಣಿಸಿ ಅಂತ ಒಬ್ಬರು, ಟೇಬಲ್ಲನ್ನು ಮರವಾಗಿ ಹೋಲಿಸುವ ಟೆಡ್ಸ್ ಎಂಬ ಅಳತೆ ಒಂದೇ ಸಾಕು ಅಂತ ಇನ್ನೊಬ್ಬರು. ಎರಡೂ ಹಾಕಿದೆ. ಒಂದರಲ್ಲಿ ಮೊದಲ ಟೂಲ್ ಮುಂದೆ, ಇನ್ನೊಂದರಲ್ಲಿ ಎರಡನೆಯದು ಮುಂದೆ. ಯಾವುದನ್ನು ನಂಬಲಿ?

ಉತ್ತರ: ನಿಮ್ಮ ಕೋಡ್‌ನಲ್ಲಿ ತಪ್ಪೇನೂ ಇರಬೇಕಾಗಿಲ್ಲ. ಈ ಎರಡು ಅಳತೆಗಳು ಒಂದೇ ಔಟ್‌ಪುಟ್‌ಗಳನ್ನು ಪೂರ್ತಿ ತಲೆಕೆಳಗಾದ ಕ್ರಮದಲ್ಲಿ ನಿಲ್ಲಿಸಬಲ್ಲವು. ಬಾಯಿಮಾತಲ್ಲಿ ಹೇಳಿದರೆ ನಂಬಿಕೆ ಬರುವುದಿಲ್ಲ. ಒಂದು ಪುಟ್ಟ ಟೇಬಲ್ ಇಟ್ಟುಕೊಂಡು ಕೈಯಲ್ಲೇ ಲೆಕ್ಕ ಹಾಕೋಣ.

ಅಸಲಿ ಟೇಬಲ್ ಹೀಗಿದೆ ಅಂದುಕೊಳ್ಳಿ. ನಾಲ್ಕು ಕಾಲಂ, ಎರಡು ಸಾಲಿನ ಹೆಡರ್, ಮೂರು ಸಾಲು ಡೇಟಾ.

| | | | |
|---|---|---|---|
| ಮಾದರಿ | ತಾಪಮಾನ | (ತಾಪಮಾನ) | ತೂಕ |
| (ಮಾದರಿ) | ಬೆಳಿಗ್ಗೆ | ಸಂಜೆ | (ತೂಕ) |
| ಎ | 21 | 27 | 40 |
| ಬಿ | | 25 | 38 |
| ಸಿ | 22 | 28 | 41 |

ಬ್ರಾಕೆಟ್‌ನಲ್ಲಿ ಇರುವುದು ಬೇರೆ ಸೆಲ್ ಅಲ್ಲ, ಹಿಂದಿನ ಸೆಲ್ಲೇ ಹರಡಿಕೊಂಡಿರುವ ಜಾಗ. ಅಂದರೆ ‘ಮಾದರಿ’ ಮತ್ತು ‘ತೂಕ’ ಎರಡಕ್ಕೂ `rowspan="2"`, ‘ತಾಪಮಾನ’ಕ್ಕೆ `colspan="2"`. ‘ಬಿ’ ಮಾದರಿಗೆ ಬೆಳಿಗ್ಗೆಯ ಅಳತೆ ಇಲ್ಲ, ಆ ಸೆಲ್ ಖಾಲಿ. ಇಡೀ ಕಥೆ ನಡೆಯುವುದು ಆ ಖಾಲಿ ಸೆಲ್ ಸುತ್ತಲೇ.

ಈಗ ಮೂರು ಔಟ್‌ಪುಟ್ ಬಂದಿವೆ ಅಂತ ಇಟ್ಟುಕೊಳ್ಳಿ.

‘ಕ’ ಔಟ್‌ಪುಟ್‌ನಲ್ಲಿ ಒಂದೇ ತಪ್ಪು. ‘ಬಿ’ ಸಾಲಿನ 25 ಖಾಲಿ ಜಾಗಕ್ಕೆ ಜಾರಿದೆ. ಸಾಲು ಈಗ ‘ಬಿ, 25, ಖಾಲಿ, 38’ ಅಂತ ಓದುತ್ತದೆ. ಸಂಜೆಯ ಅಳತೆ ಬೆಳಿಗ್ಗೆಯದಾಗಿಬಿಟ್ಟಿದೆ.

‘ಖ’ ಔಟ್‌ಪುಟ್‌ನಲ್ಲಿ ಖಾಲಿ ಸೆಲ್ಲೇ ಮಾಯ. ‘ಬಿ’ ಸಾಲಿನಲ್ಲಿ ಮೂರೇ ಸೆಲ್: ‘ಬಿ, 25, 38’. ಬ್ರೌಸರ್‌ನಲ್ಲಿ ತೆರೆದರೆ 25 ಬೆಳಿಗ್ಗೆಯ ಕೆಳಗೆ, 38 ಸಂಜೆಯ ಕೆಳಗೆ, ತೂಕದ ಕಾಲಂ ಬರಿದು. ತೂಕವೊಂದು ತಾಪಮಾನವಾಗಿದೆ. ಮೂರರಲ್ಲಿ ಡೇಟಾ ಹೆಚ್ಚು ಕೆಟ್ಟಿರುವುದು ಇದರಲ್ಲೇ.

‘ಗ’ ಔಟ್‌ಪುಟ್‌ನಲ್ಲಿ ಡೇಟಾ ಸಾಲುಗಳೆಲ್ಲ ಸರಿ. ಹೆಡರ್‌ನ ಸ್ಪ್ಯಾನ್‌ಗಳು ಮಾತ್ರ ಹೋಗಿವೆ. ಮೊದಲ ಸಾಲು ‘ಮಾದರಿ, ತಾಪಮಾನ, ಖಾಲಿ, ತೂಕ’, ಎರಡನೆಯ ಸಾಲು ‘ಖಾಲಿ, ಬೆಳಿಗ್ಗೆ, ಸಂಜೆ, ಖಾಲಿ’.

ಮೂರನ್ನೂ ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಓದಿ ಪಠ್ಯವನ್ನು ಜೋಡಿಸಿ. ಒಂದಕ್ಷರ ವ್ಯತ್ಯಾಸವಿಲ್ಲ. ಪಠ್ಯದ ಲೆಕ್ಕದಲ್ಲಿ ಮೂರಕ್ಕೂ ನೂರಕ್ಕೆ ನೂರು. ನಿಮಗೆ ಆಗಿದ್ದೂ ಇದೇ ಅಲ್ವಾ? ಖಾಲಿ ಸೆಲ್‌ಗೆ ಪಠ್ಯವಿಲ್ಲ, ಹಾಗಾಗಿ ಪಠ್ಯದ ಅಳತೆಗೆ ಅದು ಕಾಣುವುದೇ ಇಲ್ಲ.

ಮರದ ಲೆಕ್ಕ

ಟೆಡ್ಸ್ ಅನ್ನು 2019ರಲ್ಲಿ ಐಬಿಎಂ ಸಂಶೋಧಕರು ಪಬ್‌ಟ್ಯಾಬ್‌ನೆಟ್ ಡೇಟಾಸೆಟ್ ಜೊತೆಗೆ ಕೊಟ್ಟರು. ಅದು ಟೇಬಲ್ಲನ್ನು ಎಚ್‌ಟಿಎಂಎಲ್ ಮರವಾಗಿ ನೋಡುತ್ತದೆ. ಬುಡದಲ್ಲಿ `table`, ಅದರ ಕೆಳಗೆ `thead` ಮತ್ತು `tbody`, ಅವುಗಳ ಕೆಳಗೆ `tr`, ತುದಿಯಲ್ಲಿ `td`. ಒಂದು ಮರವನ್ನು ಇನ್ನೊಂದಾಗಿ ಮಾಡಲು ಕಡಿಮೆ ಎಂದರೆ ಎಷ್ಟು ತಿದ್ದುಪಡಿ ಬೇಕು ಅಂತ ಎಣಿಸುತ್ತದೆ. ಮರದ ಒಂದೊಂದು ಟ್ಯಾಗೂ ಒಂದು ನೋಡ್. ಅಂಥದ್ದೊಂದನ್ನು ಸೇರಿಸಲು 1, ತೆಗೆಯಲು 1. ಒಂದು `td`ಯನ್ನು ಇನ್ನೊಂದಕ್ಕೆ ಹೊಂದಿಸುವಾಗ ಸ್ಪ್ಯಾನ್ ಬೇರೆಯಾಗಿದ್ದರೆ ಪೂರ್ತಿ 1. ಸ್ಪ್ಯಾನ್ ಒಂದೇ ಆಗಿದ್ದರೆ ಪಠ್ಯ ಎಷ್ಟು ಬೇರೆಯೋ ಅಷ್ಟು, 0 ಮತ್ತು 1ರ ನಡುವೆ.

```
TEDS(A, B) = 1 - EditDist(A, B) / max(|A|, |B|)
```

ನಮ್ಮ ಅಸಲಿ ಟೇಬಲ್‌ನಲ್ಲಿ `thead`, `tbody` ಸೇರಿ 2, `tr` 5, `td` 17. ಒಟ್ಟು 24 ನೋಡ್. ಪಬ್‌ಟ್ಯಾಬ್‌ನೆಟ್ ಜೊತೆ ಬಂದ ಕೋಡ್ ಬುಡದ `table` ಅನ್ನು ಈ ಎಣಿಕೆಗೆ ಸೇರಿಸುವುದಿಲ್ಲ. ನಾನೂ ಅದನ್ನೇ ಅನುಸರಿಸಿದ್ದೇನೆ.

‘ಕ’ದಲ್ಲಿ ಖಾಲಿ ಸೆಲ್ 25 ಆಗಿದೆ, 25 ಖಾಲಿಯಾಗಿದೆ. ಎರಡು ತಿದ್ದುಪಡಿ. 24ರಲ್ಲಿ 2 ಹೋದರೆ 0.917.

‘ಖ’ದಲ್ಲಿ ಒಂದು `td` ಇಲ್ಲ. ಅದನ್ನು ಸೇರಿಸಿದರೆ ಮುಗಿಯಿತು. ಒಂದೇ ತಿದ್ದುಪಡಿ, ಅಂಕ 0.958.

ಇಲ್ಲಿ ಸ್ವಲ್ಪ ನಿಲ್ಲಿ. ಎರಡು ಅಂಕಿಗಳನ್ನು ತಪ್ಪು ಕಾಲಂಗೆ ತಳ್ಳಿದ ‘ಖ’ಕ್ಕೆ, ಒಂದನ್ನು ಮಾತ್ರ ತಳ್ಳಿದ ‘ಕ’ಗಿಂತ ಜಾಸ್ತಿ ಅಂಕ ಬಂತು. ಇದು ಯಾಕೆ ಹೀಗೆ? ಎಚ್‌ಟಿಎಂಎಲ್ ಮರದಲ್ಲಿ ಸಾಲು ಇದೆ, ಕಾಲಂ ಇಲ್ಲ. ಕಾಲಂಗೆ ಅಂತ ಒಂದು ನೋಡೇ ಇಲ್ಲ. ಒಂದು ಸೆಲ್ ಎಷ್ಟನೆಯ ಕಾಲಂನಲ್ಲಿದೆ ಅನ್ನುವುದು ಅದರ ಹಿಂದೆ ಎಷ್ಟು ಸೆಲ್ ಇವೆ ಅನ್ನುವುದರಿಂದ ತೀರ್ಮಾನವಾಗುತ್ತದೆ. ತಿದ್ದುಪಡಿಯ ಲೆಕ್ಕಕ್ಕೆ ಸಾಲಿನೊಳಗಿನ ಕ್ರಮ ಸರಿ ಇದ್ದರೆ ಸಾಕು. ನಡುವೆ ಒಂದು ಸೆಲ್ ಬಿಟ್ಟು ಉಳಿದವನ್ನು ಸರಿಸಿ ಹೊಂದಿಸಿಕೊಳ್ಳುತ್ತದೆ. ಸರಿಸಿದ್ದರಿಂದ ಎಷ್ಟು ಅಂಕಿಗಳ ಹೆಡರ್ ಬದಲಾಯಿತು ಅಂತ ಅದು ಕೇಳುವುದಿಲ್ಲ. ಇಪ್ಪತ್ತು ಕಾಲಂ ಇರುವ ಟೇಬಲ್‌ನಲ್ಲಿ ಎರಡನೆಯ ಸೆಲ್ ಕಾಣೆಯಾದರೆ ಆ ಸಾಲಿನ ಹದಿನೆಂಟು ಅಂಕಿಗಳೂ ತಪ್ಪು ಕಾಲಂಗೆ ಹೋಗುತ್ತವೆ. ಟೆಡ್ಸ್‌ಗೆ ಆಗಲೂ ಅದು ಒಂದೇ ತಿದ್ದುಪಡಿ.

ಇನ್ನು ‘ಗ’. ಸ್ಪ್ಯಾನ್ ಹೋದ ಮೂರು ಸೆಲ್‌ಗಳಿಗೆ ತಲಾ 1. ಹೆಚ್ಚುವರಿಯಾಗಿ ಬಂದ ಮೂರು ಖಾಲಿ ಸೆಲ್‌ಗಳಿಗೆ ತಲಾ 1. ಒಟ್ಟು 6. ಈ ಮರ ದೊಡ್ಡದು, 27 ನೋಡ್. 27ರಲ್ಲಿ 6 ಹೋದರೆ 0.778. ಡೇಟಾ ಎಲ್ಲಾ ಸರಿ ಇದ್ದರೂ ಮೂರರಲ್ಲಿ ಅತಿ ಕಡಿಮೆ ಅಂಕ ಇದಕ್ಕೆ.

ಪಕ್ಕದ ಸೆಲ್‌ಗಳ ಲೆಕ್ಕ

ಈ ವಿಧಾನವನ್ನು 2012ರಲ್ಲಿ ಗೋಬೆಲ್ ಮತ್ತು ಸಂಗಡಿಗರು ಮುಂದಿಟ್ಟರು. ದಾಖಲೆ ವಿಶ್ಲೇಷಣೆಯ ಸಮ್ಮೇಳನವಾದ ಐಸಿಡಿಎಆರ್‌ನ 2013ರ ಟೇಬಲ್ ಸ್ಪರ್ಧೆಯಲ್ಲಿ ಇದನ್ನೇ ಬಳಸಿದರು. ಪಠ್ಯ ಇರುವ ಪ್ರತಿ ಸೆಲ್‌ನಿಂದ ಬಲಕ್ಕೆ ಮತ್ತು ಕೆಳಕ್ಕೆ ಹೋಗಿ, ಖಾಲಿ ಸೆಲ್‌ಗಳನ್ನು ದಾಟಿ, ಮೊದಲು ಸಿಗುವ ಸೆಲ್ ಜೊತೆ ಒಂದು ಜೋಡಿ ಮಾಡಬೇಕು. ‘21ರ ಬಲಕ್ಕೆ 27’, ‘ಸಂಜೆಯ ಕೆಳಗೆ 27’ ಎಂಬಂತೆ. ಅಸಲಿಯ ಜೋಡಿಗಳಲ್ಲಿ ಎಷ್ಟು ಸಿಕ್ಕವು ಅನ್ನುವುದು ರೀಕಾಲ್, ಔಟ್‌ಪುಟ್‌ನ ಜೋಡಿಗಳಲ್ಲಿ ಎಷ್ಟು ಸರಿ ಅನ್ನುವುದು ಪ್ರಿಸಿಷನ್. ಎರಡರ ಹಾರ್ಮೋನಿಕ್ ಸರಾಸರಿಯೇ ಎಫ್1.

ನಮ್ಮ ಅಸಲಿ ಟೇಬಲ್‌ನಲ್ಲಿ ಅಡ್ಡ ಜೋಡಿ 13, ಉದ್ದ ಜೋಡಿ 13. ಒಟ್ಟು 26. ಹರಡಿದ ಸೆಲ್‌ಗೆ ಒಂದಕ್ಕಿಂತ ಹೆಚ್ಚು ನೆರೆಯವರು ಇರುತ್ತಾರೆ ಅನ್ನುವುದು ನೆನಪಿರಲಿ. ‘ತಾಪಮಾನ’ದ ಕೆಳಗೆ ‘ಬೆಳಿಗ್ಗೆ’ಯೂ ಇದೆ, ‘ಸಂಜೆ’ಯೂ ಇದೆ.

‘ಕ’ದಲ್ಲಿ ಅಡ್ಡ ಜೋಡಿಗಳೆಲ್ಲ ಸರಿ. ‘ಬಿ’ಯ ಬಲಕ್ಕೆ 25, 25ರ ಬಲಕ್ಕೆ 38, ಇವು ಬದಲಾಗಿಲ್ಲ. ಪೆಟ್ಟು ಬಿದ್ದಿರುವುದು ಉದ್ದಕ್ಕೆ. ಬೆಳಿಗ್ಗೆಯ ಕಾಲಂನಲ್ಲಿ ‘21ರ ಕೆಳಗೆ 22’ ಮುರಿದಿದೆ. ಸಂಜೆಯ ಕಾಲಂನಲ್ಲಿ ‘27ರ ಕೆಳಗೆ 25’, ‘25ರ ಕೆಳಗೆ 28’ ಹೋಗಿವೆ. 26ರಲ್ಲಿ 23 ಸರಿ. ಔಟ್‌ಪುಟ್‌ನಲ್ಲೂ 26 ಜೋಡಿ ಇರುವುದರಿಂದ ಎಫ್1 0.885.

‘ಖ’ದಲ್ಲೂ ಅಡ್ಡ ಜೋಡಿ ಎಲ್ಲಾ ಸರಿ. ಉದ್ದಕ್ಕೆ ಮೂರು ಕಾಲಂ ಕೆಟ್ಟಿವೆ, 13ರಲ್ಲಿ 8 ಮಾತ್ರ ಉಳಿದಿವೆ. ಒಟ್ಟು 26ರಲ್ಲಿ 21, ಎಫ್1 0.808. ಸರಿದ ಅಂಕಿ ಜಾಸ್ತಿಯಾದಂತೆ ದಂಡವೂ ಜಾಸ್ತಿಯಾಯಿತು. ನಮಗೆ ಬೇಕಾದ ನಡವಳಿಕೆ ಇದು.

‘ಗ’ದಲ್ಲಿ ಸ್ಪ್ಯಾನ್ ಇಲ್ಲದ ಕಾರಣ ಮೂರು ಜೋಡಿಗಳು ಹುಟ್ಟುವುದೇ ಇಲ್ಲ: ‘ಮಾದರಿಯ ಬಲಕ್ಕೆ ಬೆಳಿಗ್ಗೆ’, ‘ಸಂಜೆಯ ಬಲಕ್ಕೆ ತೂಕ’, ‘ತಾಪಮಾನದ ಕೆಳಗೆ ಸಂಜೆ’. ಹುಟ್ಟಿದ 23 ಜೋಡಿಗಳೂ ಸರಿ. ಪ್ರಿಸಿಷನ್ 1, ರೀಕಾಲ್ 0.885, ಎಫ್1 0.939.

ಮೂರನ್ನೂ ಪಕ್ಕಪಕ್ಕ ಇಡೋಣ.

| ಔಟ್‌ಪುಟ್ | ಪಠ್ಯ | ಟೆಡ್ಸ್ | ಪಕ್ಕದ ಸೆಲ್ ಎಫ್1 |
|---|---|---|---|
| ಕ (25 ಜಾರಿದೆ) | 1.000 | 0.917 | 0.885 |
| ಖ (ಖಾಲಿ ಸೆಲ್ ಮಾಯ) | 1.000 | 0.958 | 0.808 |
| ಗ (ಸ್ಪ್ಯಾನ್ ಮಾಯ) | 1.000 | 0.778 | 0.939 |

ಟೆಡ್ಸ್ ಪ್ರಕಾರ ಖ, ಕ, ಗ. ಪಕ್ಕದ ಸೆಲ್ ಪ್ರಕಾರ ಗ, ಕ, ಖ. ನಿಮ್ಮ ಎರಡು ಟೂಲ್‌ಗಳಲ್ಲೂ ಬಹುಶಃ ಇದೇ ಆಗಿದೆ. ಒಂದು ಟೂಲ್ ಖಾಲಿ ಸೆಲ್‌ಗಳನ್ನು ನುಂಗುತ್ತಿರಬೇಕು, ಇನ್ನೊಂದು ಸ್ಪ್ಯಾನ್ ಗುರುತಿಸುತ್ತಿಲ್ಲ. ಇದು ಊಹೆಯಷ್ಟೇ, ಆದರೆ ಪರೀಕ್ಷಿಸುವುದು ಸುಲಭ. ದಾರಿ ಮುಂದೆ ಹೇಳುತ್ತೇನೆ.

ಹಾಗಂತ ಟೆಡ್ಸ್ ಕೆಟ್ಟದ್ದು, ಪಕ್ಕದ ಸೆಲ್ ಒಳ್ಳೆಯದು ಅಂತ ತೀರ್ಮಾನಿಸಬೇಡಿ. ಪಕ್ಕದ ಸೆಲ್ ಲೆಕ್ಕಕ್ಕೂ ಅದರದ್ದೇ ಹುಳುಕುಗಳಿವೆ.

ಪಕ್ಕದ ಸೆಲ್ ಲೆಕ್ಕ ಎಲ್ಲಿ ಕೈಕೊಡುತ್ತದೆ

ಮೊದಲನೆಯದು ಪಠ್ಯದ ಹೊಂದಿಕೆ. ಮೂಲ ವಿಧಾನದಲ್ಲಿ ಸೆಲ್ ಅಂದರೆ ಅದರ ಪಠ್ಯ. ಪಠ್ಯ ಹಾಗೆಯೇ ಹೊಂದಬೇಕು. ಈಗ ಟೇಬಲ್ ರಚನೆ ಪೂರ್ತಿ ಸರಿ ಇದ್ದು, ‘ಎ’ ಸಾಲಿನ 40ರ ಸೊನ್ನೆಯನ್ನು ಓಸಿಆರ್ ಇಂಗ್ಲಿಷ್ ಓ ಅಕ್ಷರವಾಗಿ ಓದಿತು ಅಂದುಕೊಳ್ಳಿ. ಆ ಸೆಲ್ ಮೂರು ಜೋಡಿಗಳಲ್ಲಿದೆ. ಮೂರೂ ಮುರಿದವು. 26ರಲ್ಲಿ 23, ಎಫ್1 0.885. ‘ಕ’ಕ್ಕೆ ಬಂದದ್ದೂ ಇದೇ 0.885! ಒಂದು ಅಕ್ಷರದೋಷಕ್ಕೂ ಒಂದು ಅಂಕಿ ತಪ್ಪು ಕಾಲಂಗೆ ಹೋಗಿದ್ದಕ್ಕೂ ಒಂದೇ ಅಂಕ. ಟೆಡ್ಸ್ ಇಲ್ಲಿ ಹದವಾಗಿ ವರ್ತಿಸುತ್ತದೆ. ಎರಡರಲ್ಲಿ ಒಂದಕ್ಷರ ತಪ್ಪು, ಅರ್ಧ ತಿದ್ದುಪಡಿ, ಅಂಕ 0.979.

ಇದೇ ಬೇರಿನಿಂದ ಹುಟ್ಟುವ ಇನ್ನೊಂದು ತೊಂದರೆ ಪುನರಾವರ್ತನೆ. ಟೇಬಲ್ ತುಂಬ 0, ‘ಇಲ್ಲ’, ಅಡ್ಡಗೆರೆ ಇದ್ದರೆ ‘0ಯ ಬಲಕ್ಕೆ 0’ ಎಂಬ ಜೋಡಿ ಹತ್ತಾರು ಸಲ ಬರುತ್ತದೆ. ನಿಮ್ಮ ಕೋಡ್ ಜೋಡಿಗಳನ್ನು ಸೆಟ್‌ನಲ್ಲಿ ಇಟ್ಟರೆ ಅವೆಲ್ಲ ಒಂದಾಗಿಬಿಡುತ್ತವೆ. ಎಣಿಕೆ ಸಮೇತ ಇಟ್ಟರೂ ಎಲ್ಲಿಯದೋ ಜೋಡಿ ಇನ್ನೆಲ್ಲಿಯದೋ ಜೊತೆ ಹೊಂದಿ ಅಂಕ ಉಬ್ಬುತ್ತದೆ.

ಎರಡಕ್ಕೂ ಮದ್ದು ಒಂದೇ. ಸೆಲ್ಲನ್ನು ಪಠ್ಯದಿಂದ ಗುರುತಿಸಬೇಡಿ, ಪುಟದ ಮೇಲಿನ ಜಾಗದಿಂದ ಗುರುತಿಸಿ. ಔಟ್‌ಪುಟ್ ಸೆಲ್‌ನ ಚೌಕ ಅಸಲಿಯ ಯಾವ ಸೆಲ್ ಮೇಲೆ ಸಾಕಷ್ಟು ಬೀಳುತ್ತದೋ ಅದೇ ಐಡಿ ಅದಕ್ಕೆ. 2019ರ ಐಸಿಡಿಎಆರ್ ಸ್ಪರ್ಧೆಯಲ್ಲಿ ಹೀಗೆಯೇ ಮಾಡಿದರು. ಚೌಕಗಳ ಅತಿಕ್ರಮಣ 0.6, 0.7, 0.8, 0.9 ಆದಾಗ ಬೇರೆಬೇರೆ ಎಫ್1 ತೆಗೆದು, ಬಿಗಿಯಾದ ಮಿತಿಗೆ ಹೆಚ್ಚು ತೂಕ ಕೊಟ್ಟು ಸರಾಸರಿ ಮಾಡಿದರು. ನಿಮ್ಮ ಟೂಲ್ ಚೌಕಗಳನ್ನು ಕೊಡದೆ ಬರೀ ಎಚ್‌ಟಿಎಂಎಲ್ ಕೊಟ್ಟರೆ ಈ ದಾರಿ ಇಲ್ಲ. ಆಗ ಪರೀಕ್ಷೆಗೆ ಅಂತಲೇ ಪ್ರತಿ ಸೆಲ್‌ನಲ್ಲೂ ಬೇರೆಬೇರೆ ಪಠ್ಯ ಇರುವ ಕೆಲವು ಟೇಬಲ್‌ಗಳನ್ನು ಮಾಡಿಕೊಳ್ಳಿ.

ಎರಡನೆಯ ದೊಡ್ಡ ಹುಳುಕು ಖಾಲಿ ಸೆಲ್‌ಗಳದ್ದು. ಖಾಲಿ ಸೆಲ್‌ಗೆ ಜೋಡಿಯೇ ಇಲ್ಲ, ದಾಟಿ ಹೋಗುತ್ತೇವೆ. ಹಾಗಾಗಿ ‘ಕ’, ‘ಖ’ ಎರಡರಲ್ಲೂ ಅಡ್ಡ ಜೋಡಿಗಳಿಗೆ ಏನೂ ಆಗಲಿಲ್ಲ. ಇಡೀ ಕಾಲಂ ಖಾಲಿ ಇರುವ ಟೇಬಲ್‌ನಲ್ಲಿ ಆ ಕಾಲಂ ಮಾಯವಾದರೆ ಈ ಅಳತೆಗೆ ಗೊತ್ತೇ ಆಗುವುದಿಲ್ಲ. ಇದಕ್ಕೆ ಪರಿಹಾರ, ಜೋಡಿಯ ಜೊತೆಗೆ ನಡುವೆ ಎಷ್ಟು ಖಾಲಿ ಸೆಲ್ ದಾಟಿದೆವು ಅಂತಲೂ ಬರೆದಿಡುವುದು.

```python
def relations(grid, use_gap=True):
    # grid[r][c] = ಸೆಲ್ ಐಡಿ; ಖಾಲಿ ಇದ್ದರೆ None
    out = set()
    lines = [("h", row) for row in grid]
    lines += [("v", col) for col in zip(*grid)]
    for d, line in lines:
        prev, gap = None, 0
        for cell in line:
            if cell is None:
                gap += 1
                continue
            if prev is not None and cell != prev:
                out.add((prev, cell, d, gap if use_gap else 0))
            prev, gap = cell, 0
    return out
```

ಸ್ಪ್ಯಾನ್ ಇರುವ ಸೆಲ್‌ನ ಐಡಿಯನ್ನು ಅದು ಹರಡಿದ ಎಲ್ಲ ಜಾಗದಲ್ಲೂ ತುಂಬಿ ಕೊಡಬೇಕು. ಸಾಲುಗಳ ಉದ್ದ ಒಂದೇ ಇರಲಿ. ‘ಖ’ದಂಥ ಸಾಲಿನ ಕೊನೆಗೆ `None` ಸೇರಿಸಿ, ಇಲ್ಲದಿದ್ದರೆ `zip` ಸದ್ದಿಲ್ಲದೆ ಕೊನೆಯ ಕಾಲಂ ಕತ್ತರಿಸಿ ಹಾಕುತ್ತದೆ.

ಖಾಲಿ ಎಣಿಕೆ ಸೇರಿಸಿದರೆ ‘ಕ’ 0.885ರಿಂದ 0.808ಕ್ಕೆ ಇಳಿಯುತ್ತದೆ. ‘ಖ’ 0.769 ಆಗುತ್ತದೆ. ‘ಗ’ 0.939ರಿಂದ 0.816ಕ್ಕೆ ಬೀಳುತ್ತದೆ. ‘ಗ’ದಲ್ಲಿ ತಾಪಮಾನಕ್ಕೂ ತೂಕಕ್ಕೂ ನಡುವೆ ಈಗ ಒಂದು ಖಾಲಿ ಸೆಲ್ ಇದೆ, ಅದು ಅಸಲಿಯಲ್ಲಿ ಇರಲಿಲ್ಲ. ಒಂದು ಆಯ್ಕೆ ಬದಲಿಸಿದ್ದಕ್ಕೆ ಅಂಕ ಇಷ್ಟು ಅಲ್ಲಾಡಿತು. ಆದ್ದರಿಂದ ಬೇರೆಯವರ ಎಫ್1 ಜೊತೆ ನಿಮ್ಮದನ್ನು ಹೋಲಿಸುವ ಮೊದಲು ಅವರ ಕೋಡ್ ಖಾಲಿ ಸೆಲ್‌ಗಳನ್ನು ಹೇಗೆ ನೋಡುತ್ತದೆ ಅಂತ ತೆರೆದು ಓದಿ. ವರದಿಯಲ್ಲಿ ಸುಮ್ನೆ ‘ಎಫ್1’ ಅಂತ ಬರೆದಿದ್ದರೆ ಅದರಿಂದ ಏನೂ ಗೊತ್ತಾಗುವುದಿಲ್ಲ.

ಟೆಡ್ಸ್ ಹಾಕುವ ಮೊದಲು

ಟೆಡ್ಸ್ ಎಚ್‌ಟಿಎಂಎಲ್ ಟ್ಯಾಗ್‌ಗಳನ್ನೇ ನೋಡುವುದರಿಂದ, ಟೇಬಲ್‌ಗೆ ಸಂಬಂಧವೇ ಇಲ್ಲದ ಬರವಣಿಗೆಯ ಶೈಲಿಗೂ ದಂಡ ಹಾಕುತ್ತದೆ. ಅಸಲಿಯಲ್ಲಿ `thead`, `tbody` ಬೇರೆಬೇರೆ ಇದ್ದು, ನಿಮ್ಮ ಟೂಲ್ ಐದೂ ಸಾಲುಗಳನ್ನು ಒಂದೇ `tbody`ಯಲ್ಲಿ ಹಾಕಿತು ಅನ್ನಿ. ಸೆಲ್‌ಗಳೆಲ್ಲ ಸರಿ. ಆದರೆ ಮರದ ನಿಯಮದಲ್ಲಿ ಹೆಡರ್ ಸಾಲುಗಳನ್ನು ಸುಮ್ನೆ `tbody` ಒಳಗೆ ಜರುಗಿಸಲು ಆಗುವುದಿಲ್ಲ. ಇದ್ದ ಎರಡನ್ನೂ ತೆಗೆದು ಹೊಸದೊಂದನ್ನು ಸೇರಿಸಬೇಕು. ಮೂರು ತಿದ್ದುಪಡಿ, ಅಂಕ 0.875. ಡೇಟಾ ತಪ್ಪಿದ ‘ಕ’ಗಿಂತಲೂ ಕಡಿಮೆ!

`th` ಇನ್ನೂ ಕಿರಿಕಿರಿ. ಪಬ್‌ಟ್ಯಾಬ್‌ನೆಟ್ ಕೋಡ್‌ಗೆ ಸೆಲ್ ಅಂದರೆ `td` ಮಾತ್ರ. ಅಸಲಿಯ ಹೆಡರ್‌ನಲ್ಲಿ `td` ಇದ್ದು ಟೂಲ್ `th` ಕೊಟ್ಟರೆ ಐದು ಹೆಡರ್ ಸೆಲ್‌ಗೆ ಐದು ತಿದ್ದುಪಡಿ, ಅಂಕ 0.792. ಎರಡೂ ಕಡೆ `th` ಇದ್ದರೆ ಅದಕ್ಕಿಂತ ಕೆಟ್ಟದ್ದು ಆಗುತ್ತದೆ. ಅವುಗಳ ಪಠ್ಯವನ್ನೂ ಸ್ಪ್ಯಾನನ್ನೂ ಆ ಕೋಡ್ ಹೋಲಿಸುವುದೇ ಇಲ್ಲ. ಹೆಡರ್ ಪೂರ್ತಿ ತಪ್ಪಿದ್ದರೂ ಅಂಕ ಬರುತ್ತದೆ. ಹಾಗಾಗಿ ಎರಡೂ ಕಡೆಯ `th`ಗಳನ್ನು `td` ಮಾಡಿ. `thead`, `tbody` ಎರಡೂ ಕಡೆ ಒಂದೇ ನಿಯಮದಲ್ಲಿ ಇರಲಿ, ಇಲ್ಲವೇ ಎರಡೂ ಕಡೆ ತೆಗೆದುಬಿಡಿ. ದಪ್ಪಕ್ಷರ, ಓರೆಯಕ್ಷರದ ಟ್ಯಾಗ್‌ಗಳನ್ನೂ ಕಿತ್ತುಹಾಕಿ. ಪಠ್ಯವನ್ನು ಯೂನಿಕೋಡ್‌ನ ಒಂದೇ ರೂಪಕ್ಕೆ ತನ್ನಿ. ಕನ್ನಡದ ‘ಕೊ’ವನ್ನು ಎರಡು ಸ್ವರಚಿಹ್ನೆ ಕೂಡಿಸಿಯೂ ಬರೆಯಬಹುದು, ಒಂದೇ ಚಿಹ್ನೆಯಲ್ಲೂ ಬರೆಯಬಹುದು. ಕಣ್ಣಿಗೆ ಒಂದೇ, ಹೋಲಿಕೆಗೆ ಬೇರೆ.

‘ರಚನೆ ಮಾತ್ರ’ ನೋಡುವ ಟೆಡ್ಸ್ ಒಂದಿದೆ. ಸೆಲ್ ಪಠ್ಯವನ್ನೆಲ್ಲ ಅಳಿಸಿ ಮರವನ್ನಷ್ಟೇ ಹೋಲಿಸುತ್ತದೆ. ಓಸಿಆರ್ ದೋಷದಿಂದ ರಚನೆಯನ್ನು ಬೇರ್ಪಡಿಸಲು ಚೆನ್ನ ಅಂತ ಅನೇಕರು ಅದನ್ನೇ ಹಾಕುತ್ತಾರೆ. ಅದಕ್ಕೆ ‘ಕ’ವನ್ನು ಕೊಟ್ಟು ನೋಡಿ. ಅಂಕ 1.000. ಅಳಿಸಿದ ಮೇಲೆ ಖಾಲಿ ಸೆಲ್‌ಗೂ 25 ಇದ್ದ ಸೆಲ್‌ಗೂ ವ್ಯತ್ಯಾಸವೇ ಉಳಿಯಲಿಲ್ಲ. ನೀವು ದೂರುತ್ತಿರುವ ತಪ್ಪು ‘ಕ’ ಜಾತಿಯದ್ದಾದರೆ ಈ ಅಳತೆ ನಿಮಗೆ ಏನೂ ಹೇಳುವುದಿಲ್ಲ. ನನ್ನ ಪ್ರಕಾರ ಇದನ್ನು ಒಂಟಿಯಾಗಿ ಎಂದೂ ಬಳಸಬಾರದು.

ಅಂಕವನ್ನು ಒಡೆದು ನೋಡಿ

ಈಗ ನಿಮ್ಮ ಎರಡು ಟೂಲ್‌ಗಳ ವಿಷಯ. ಪಕ್ಕದ ಸೆಲ್ ಲೆಕ್ಕದ ದೊಡ್ಡ ಅನುಕೂಲ ಅಂದರೆ ಅದನ್ನು ಬಿಡಿಸಬಹುದು. ಒಂದೇ ಎಫ್1 ಬದಲು ಅಡ್ಡ ಮತ್ತು ಉದ್ದ ಬೇರೆ ಮಾಡಿ, ಪ್ರತಿಯೊಂದಕ್ಕೂ ಪ್ರಿಸಿಷನ್, ರೀಕಾಲ್ ಬೇರೆ ತೆಗೆಯಿರಿ. ಖಾಲಿ ಎಣಿಕೆ ಬಿಟ್ಟು ನೋಡಿದರೆ ‘ಕ’ದ ಅಡ್ಡ ಅಂಕ 1, ಉದ್ದ ಅಂಕ 0.769. ‘ಖ’ಕ್ಕೆ ಅಡ್ಡ 1, ಉದ್ದ 0.615. ಅಡ್ಡಕ್ಕೆ ಪೂರ್ತಿ, ಉದ್ದಕ್ಕೆ ಕಡಿಮೆ ಬಂದರೆ ಸಾಲುಗಳು ಸರಿಯಾಗಿ ಸಿಕ್ಕಿವೆ, ಅಂಕಿಗಳು ಕಾಲಂ ತಪ್ಪಿವೆ ಅಂತ ಅರ್ಥ. ‘ಗ’ದ ಗುರುತೇ ಬೇರೆ. ಎರಡು ದಿಕ್ಕಿನಲ್ಲೂ ಪ್ರಿಸಿಷನ್ 1, ರೀಕಾಲ್ ಮಾತ್ರ ಕಡಿಮೆ, ಅಡ್ಡಕ್ಕೆ 0.846, ಉದ್ದಕ್ಕೆ 0.923. ಸುಳ್ಳು ಜೋಡಿ ಒಂದೂ ಇಲ್ಲ, ಕೆಲವು ಜೋಡಿ ಹುಟ್ಟಿಲ್ಲ. ಅದು ಸ್ಪ್ಯಾನ್ ಹೋದ ಲಕ್ಷಣ. ನಿಮ್ಮ ಎರಡು ಟೂಲ್‌ಗಳನ್ನು ಹೀಗೆ ಬಿಡಿಸಿದರೆ ಯಾವುದಕ್ಕೆ ಯಾವ ಕಾಯಿಲೆ ಅಂತ ಮೊದಲ ನೋಟಕ್ಕೇ ಕಾಣುತ್ತದೆ.

ಕಾಲಂಗೂ ಸಾಲಿನಷ್ಟೇ ಬೆಲೆ ಕೊಡುವ ಅಳತೆಯೇ ಬೇಕು ಅಂದರೆ 2022ರಲ್ಲಿ ಬಂದ ಗ್ರಿಟ್ಸ್ ಇದೆ. ಅದು ಟೇಬಲ್ಲನ್ನು ಮರದ ಬದಲು ಚೌಕಳಿಯಾಗಿಯೇ ಹೋಲಿಸುತ್ತದೆ. ರಚನೆ, ಪಠ್ಯ, ಜಾಗ ಮೂರಕ್ಕೂ ಬೇರೆಬೇರೆ ಅಂಕ ಕೊಡುತ್ತದೆ. ಹೊಸದಾಗಿ ಶುರು ಮಾಡುವವರು ನೋಡಬೇಕಾದದ್ದು. ಆದರೆ ಹಳೆಯ ವರದಿಗಳ ಜೊತೆ ಹೋಲಿಸಬೇಕಾದರೆ ಟೆಡ್ಸ್ ಬಿಟ್ಟು ಗತಿಯಿಲ್ಲ.

ಇನ್ನೊಂದು ಮಾತು ಸರಾಸರಿಯ ಬಗ್ಗೆ. ಇದೇ ಟೇಬಲ್‌ಗೆ ಮೂರರ ಬದಲು 100 ಡೇಟಾ ಸಾಲು ಇದ್ದು, ಒಂದು ಸಾಲಿನಲ್ಲಿ ಮಾತ್ರ ‘ಕ’ದ ತಪ್ಪು ಆಗಿದ್ದರೆ ಟೆಡ್ಸ್ 0.996, ಪಕ್ಕದ ಸೆಲ್ ಎಫ್1 ಕೂಡ 0.996. ತಪ್ಪಾದ ಅಂಕಿ ಅಷ್ಟೇ ತಪ್ಪು, ಅಂಕ ಮಾತ್ರ ಫಳಫಳ. ಉದ್ದನೆಯ ಟೇಬಲ್‌ಗಳು ಜಾಸ್ತಿ ಇರುವ ಸಂಗ್ರಹದಲ್ಲಿ ಟೂಲ್‌ಗಳ ಅಂಕಗಳು 1ರ ಹತ್ತಿರ ಗುಂಪುಗೂಡುವುದು ಇದಕ್ಕೇ. ಆದ್ದರಿಂದ ಸರಾಸರಿಯ ಪಕ್ಕದಲ್ಲಿ, ಒಂದೂ ತಪ್ಪಿಲ್ಲದ ಟೇಬಲ್‌ಗಳು ಶೇಕಡಾ ಎಷ್ಟು ಅಂತ ಬರೆಯಿರಿ. ಸ್ಪ್ಯಾನ್ ಇರುವ ಟೇಬಲ್‌ಗಳನ್ನೂ ಇಲ್ಲದವನ್ನೂ ಬೇರೆ ಮಾಡಿ. ಟೂಲ್ ಏನೂ ಕೊಡದ ಟೇಬಲ್‌ಗೆ 0 ಹಾಕಿ. ಅದನ್ನು ಪಟ್ಟಿಯಿಂದ ಬಿಟ್ಟುಬಿಟ್ಟರೆ ಕಷ್ಟದ ಟೇಬಲ್‌ಗಳಿಂದ ತಪ್ಪಿಸಿಕೊಂಡ ಟೂಲ್ ಗೆದ್ದುಬಿಡುತ್ತದೆ.

ಕೊನೆಗೆ ಯಾವುದನ್ನು ನಂಬಬೇಕು ಅನ್ನುವುದು ಈ ಟೇಬಲ್‌ಗಳಿಂದ ನೀವು ಏನು ಓದುತ್ತೀರಿ ಅನ್ನುವುದರ ಮೇಲಿದೆ. ಅದನ್ನು ನೇರವಾಗಿಯೇ ಅಳೆಯಬಹುದು. ಅಸಲಿಯ ಪ್ರತಿ ಡೇಟಾ ಅಂಕಿಗೂ ಅದರ ಸಾಲಿನ ಹೆಸರು ಮತ್ತು ಕಾಲಂ ಹೆಡರ್ ಬರೆದುಕೊಳ್ಳಿ, ಔಟ್‌ಪುಟ್‌ನಲ್ಲೂ ಹಾಗೆಯೇ ಮಾಡಿ, ಹೋಲಿಸಿ. ನಮ್ಮ ಟೇಬಲ್‌ನಲ್ಲಿ ಅಂಥ ಅಂಕಿ 8 ಇವೆ. ಕೆಳಗಿನ ಹೆಡರ್ ಮಾತ್ರ ನೋಡಿದರೆ ‘ಕ’ದಲ್ಲಿ 7 ಸರಿ, ‘ಖ’ದಲ್ಲಿ 6, ‘ಗ’ದಲ್ಲಿ 8ಕ್ಕೆ 8. ‘ತಾಪಮಾನ, ಸಂಜೆ’ ಅಂತ ಪೂರ್ತಿ ಹೆಡರ್ ಬೇಕು ಅಂದರೆ ‘ಗ’ 5ಕ್ಕೆ ಇಳಿಯುತ್ತದೆ. 27, 25, 28 ಮೂರಕ್ಕೂ ಮೇಲಿನ ‘ತಾಪಮಾನ’ ಸಿಗುವುದಿಲ್ಲ. ‘ಕ’ ಮತ್ತು ‘ಖ’ ಹಾಗೆಯೇ ಇರುತ್ತವೆ. ಅಂದರೆ ನಿಮ್ಮ ಟೇಬಲ್‌ಗಳಲ್ಲಿ ಕೆಳಗಿನ ಹೆಡರ್ ಒಂದೇ ಅರ್ಥಕ್ಕೆ ಸಾಕಾದರೆ ಪಕ್ಕದ ಸೆಲ್ ಲೆಕ್ಕ ಹೇಳಿದ ಕ್ರಮ ನಿಮಗೆ ಹತ್ತಿರ. ‘ಬೆಳಿಗ್ಗೆ, ಸಂಜೆ’ ಎಂಬ ಹೆಸರುಗಳು ತಾಪಮಾನಕ್ಕೂ ತೇವಾಂಶಕ್ಕೂ ಎರಡೆರಡು ಸಲ ಬರುವಂಥ ಟೇಬಲ್ ಆದರೆ ಸ್ಪ್ಯಾನ್ ಹೋಗುವುದು ನಿಜಕ್ಕೂ ದೊಡ್ಡ ನಷ್ಟ, ಅಲ್ಲಿ ಟೆಡ್ಸ್ ‘ಗ’ಕ್ಕೆ ಕೊಟ್ಟ ದಂಡ ನ್ಯಾಯವೇ.

ಐವತ್ತು ಟೇಬಲ್ ಆರಿಸಿ ಈ ಹೆಡರ್ ಲೆಕ್ಕವನ್ನು ಎರಡು ಟೂಲ್‌ಗೂ ಹಾಕಿ. ಎರಡು ಅಳತೆಗಳಲ್ಲಿ ಯಾವುದು ಅದರ ಕ್ರಮಕ್ಕೆ ಹೊಂದುತ್ತದೋ ಅದನ್ನು ಇಡೀ ಸಂಗ್ರಹಕ್ಕೆ ಓಡಿಸಿ. ಐವತ್ತರಲ್ಲಿ ಸ್ಪ್ಯಾನ್ ಇರುವವು, ಖಾಲಿ ಸೆಲ್ ಇರುವವು ಎರಡೂ ಸಾಕಷ್ಟಿರಲಿ. ಬರೀ ತುಂಬಿದ, ಸರಳ ಟೇಬಲ್‌ಗಳನ್ನೇ ಆರಿಸಿದರೆ ಎರಡು ಅಳತೆಗಳೂ ಒಂದೇ ಉತ್ತರ ಕೊಡುತ್ತವೆ, ನಿಮ್ಮ ಪ್ರಶ್ನೆ ಹಾಗೆಯೇ ಉಳಿಯುತ್ತದೆ.